ಸಾವಿರ ಡಾಲರ್ ಹನುಮಂತನಗರಕ್ಕೆ ಬಂದು ಮುಟ್ಟುವಷ್ಟರಲ್ಲಿ

"ಅಲ್ಲ ಕಣೆ, ಸಾವಿರ ಡಾಲರ್ ಬಿಲ್ ಮಾಡಿದೀನಿ ಅಂತೀಯ. ಗೂಗಲ್‌ನಲ್ಲಿ ನೋಡಿದ್ರೆ ಎಂಬತ್ತೈದು ಸಾವಿರ ಆಗುತ್ತೆ. ನಿನ್ನ ಬ್ಯಾಂಕಿಗೆ ಎಪ್ಪತ್ತೊಂಬತ್ತೂ ತುಂಬಿಲ್ಲ. ಮಿಕ್ಕಿದ್ದು ಎಲ್ಲಿ ಹೋಯ್ತು?"

ಬೆಂಗಳೂರಿನ ಹನುಮಂತನಗರದ ಮನೆಯಲ್ಲೇ ಕೂತು ಅಮೆರಿಕದ ಕ್ಲೈಂಟಿಗೆ ಕೆಲಸ ಮಾಡುವ ನನ್ನನ್ನು ಎಲ್ಲರೂ ಕೇಳುವುದು ಇದನ್ನೇ. ಮೂರು ಕಡೆ ಹೋಯ್ತು. ಎರಡು ಕಡೆ ಹೋಗಿದ್ದಕ್ಕೆ ಶುಲ್ಕ ಅಂತ ಹೆಸರಿದೆ, ರಸೀದಿಯಲ್ಲಿ ಕಾಣುತ್ತೆ. ಮೂರನೆಯದಕ್ಕೆ ಹೆಸರೇ ಇಲ್ಲ. ಇದನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಈ ಬರಹದ ಲಿಂಕ್ ಕಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಲೆಕ್ಕಕ್ಕಿಂತ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಾಗರಬಾವಿಯಲ್ಲಿ ನೆಂಟರ ಮನೆ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ನಮ್ಮ ದೊಡ್ಡಪ್ಪ ಮೊಬೈಲ್ ತೆಗೆದು ಎಲ್ಲರ ಮುಂದೆ ಗುಣಾಕಾರ ಮಾಡಿದರು. ಮಾಡಿ, "ಯಾರೋ ನಿನಗೆ ಚೆನ್ನಾಗಿ ಟೋಪಿ ಹಾಕ್ತಿದಾರೆ, ಇಲ್ಲಾ ನೀನೇ ನಮಗೆ ಪೂರ್ತಿ ಹೇಳ್ತಿಲ್ಲ" ಅಂದರು. ಎದುರು ಸಾಲಿನವರೆಲ್ಲ ನಕ್ಕರು. ನಾನು ನಗಲಿಲ್ಲ. ಸಂಬಳ ತರುವ ನನ್ನ ತಮ್ಮನನ್ನು ಯಾರೂ ಪಿಎಫ್ ಎಷ್ಟು ಹಿಡಿದರು, ಟಿಡಿಎಸ್ ಎಷ್ಟು ಹೋಯಿತು ಅಂತ ಪಂಕ್ತಿಯಲ್ಲಿ ಕೇಳುವುದಿಲ್ಲ. ಮನೆಯಲ್ಲಿ ಕೂತು ದುಡಿಯುವವರ ದುಡ್ಡಿಗೆ ಮಾತ್ರ ಎಲ್ಲರೂ ಲೆಕ್ಕ ಕೇಳುತ್ತಾರೆ. ಸರಿ, ಲೆಕ್ಕ ತಗೊಳ್ಳಿ.

ರೇಟು ದಿನಾ ಬದಲಾಗುತ್ತೆ. ಉದಾಹರಣೆಗೆ ಒಂದು ಡಾಲರಿಗೆ 85 ರೂಪಾಯಿ ಅಂತ ಇಟ್ಟುಕೊಳ್ಳೋಣ. ಅಮೆರಿಕದ ಕ್ಲೈಂಟ್ ನನ್ನ 1,000 ಡಾಲರ್ ಇನ್‌ವಾಯ್ಸ್‌ಗೆ ಆನ್‌ಲೈನ್ ಪೇಮೆಂಟ್ ವೇದಿಕೆಯೊಂದರಲ್ಲಿ ಹಣ ಕಟ್ಟುತ್ತಾನೆ. ವೇದಿಕೆ ಹಣ ಸ್ವೀಕರಿಸಿದ್ದಕ್ಕೆ ಶೇಕಡಾ 4 ಮುರಿದುಕೊಳ್ಳುತ್ತೆ ಅನ್ನಿ, ಅಂದರೆ 40 ಡಾಲರ್. ನನ್ನ ಬ್ಯಾಲೆನ್ಸ್‌ನಲ್ಲಿ 960 ಕಾಣುತ್ತೆ. ಅಲ್ಲಿಂದ ಬ್ಯಾಂಕಿಗೆ ಕಳಿಸುವುದಕ್ಕೆ ವಿತ್‌ಡ್ರಾ ಶುಲ್ಕ 2 ಡಾಲರ್. ಉಳಿದದ್ದು 958. ಇಲ್ಲಿಯವರೆಗೆ ಎಲ್ಲ ಬೆಳಕಿನಲ್ಲೇ ನಡೆಯುತ್ತೆ.

ಇನ್ನು ಈ 958 ಡಾಲರ್ ರೂಪಾಯಿ ಆಗಬೇಕು. ನೀವು ಗೂಗಲ್‌ನಲ್ಲಿ ನೋಡುವ 85, ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಡಾಲರ್ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಸಂಖ್ಯೆ. ಆ ರೇಟಿಗೆ ನನ್ನ ನಿಮ್ಮಂಥವರ ಡಾಲರನ್ನು ಯಾರೂ ಕೊಳ್ಳುವುದಿಲ್ಲ. ಹಳೇ ಬಳೆ ಮಾರಲು ಹೋದಾಗ ಅಂಗಡಿಯ ಬೋರ್ಡ್ ಮೇಲಿನ ಚಿನ್ನದ ರೇಟು ನಮ್ಮ ಕೈಗೆ ಸಿಗದ ಹಾಗೆ. ವೇದಿಕೆ ಶೇಕಡಾ 3 ಕಡಿಮೆ ಕೊಡುತ್ತೆ ಅನ್ನಿ, ಅಂದರೆ 82 ರೂಪಾಯಿ 45 ಪೈಸೆ. 958ಕ್ಕೆ ಆ ರೇಟು ಹಾಕಿದರೆ ಬ್ಯಾಂಕಿಗೆ ಜಮೆಯಾಗುವುದು 78,987 ರೂಪಾಯಿ.

ದೊಡ್ಡಪ್ಪನ ಎಂಬತ್ತೈದು ಸಾವಿರಕ್ಕೆ ಹೋಲಿಸಿದರೆ 6,013 ರೂಪಾಯಿ ಕಡಿಮೆ. ಅದರಲ್ಲಿ ಸ್ವೀಕಾರ ಶುಲ್ಕದ್ದು 3,400, ವಿತ್‌ಡ್ರಾ ಶುಲ್ಕದ್ದು 170. ಮಿಕ್ಕ 2,443 ರೂಪಾಯಿ ಹೋಗಿದ್ದು ರೇಟಿನೊಳಗೆ. ಅದು ಯಾವ ರಸೀದಿಯಲ್ಲೂ ಶುಲ್ಕ ಅಂತ ಬರುವುದಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ. ಜನ 2 ಡಾಲರ್ ವಿತ್‌ಡ್ರಾ ಶುಲ್ಕದ ಬಗ್ಗೆ ಜಗಳ ಆಡುತ್ತಾರೆ. "ಈ ವೇದಿಕೆಯಲ್ಲಿ ವಿತ್‌ಡ್ರಾ ಫ್ರೀ" ಅಂತ ಯಾರೋ ಹೇಳಿದ ತಕ್ಷಣ ಅಲ್ಲಿಗೆ ಓಡುತ್ತಾರೆ. ವಿತ್‌ಡ್ರಾ ಫ್ರೀ ಮಾಡಿ ರೇಟಿನಲ್ಲಿ ಇನ್ನು ಅರ್ಧ ಪರ್ಸೆಂಟ್ ಇಳಿಸಿದರೆ ಸಾವಿರ ಡಾಲರಿಗೆ ನಾನೂರು ರೂಪಾಯಿ ಹೋಯಿತು, ಉಳಿದದ್ದು 170. ಹಾಗಾಗಿ ಫ್ರೀ ಅನ್ನುವ ಪದ ಕಂಡರೆ ಮೊದಲು ರೇಟು ನೋಡಿ. ನೋಡುವುದು ಕಷ್ಟವಲ್ಲ. ಬ್ಯಾಂಕಿಗೆ ಜಮೆಯಾದ ರೂಪಾಯಿಯನ್ನು ಶುಲ್ಕವೆಲ್ಲ ಕಳೆದು ಉಳಿದ ಡಾಲರಿನಿಂದ ಭಾಗಿಸಿ, ವೇದಿಕೆ ನಿಜವಾಗಿ ಕೊಟ್ಟ ರೇಟು ಸಿಗುತ್ತೆ. ಅದೇ ರೂಪಾಯಿಯನ್ನು ಇನ್‌ವಾಯ್ಸ್‌ನ ಪೂರ್ತಿ ಡಾಲರಿನಿಂದ ಭಾಗಿಸಿದರೆ ನಿಮ್ಮ ಕೈಗೆ ಬಂದ ರೇಟು ಸಿಗುತ್ತೆ. ಮೇಲಿನ ಉದಾಹರಣೆಯಲ್ಲಿ ಅದು 79 ರೂಪಾಯಿಗೆ ಒಂದು ಪೈಸೆ ಕಡಿಮೆ. ಎರಡು ವೇದಿಕೆ ಹೋಲಿಸಲು ಈ ಸಂಖ್ಯೆ ಗೂಗಲ್ ರೇಟಿಗಿಂತ ಶೇಕಡಾ ಎಷ್ಟು ಕಡಿಮೆ ಅಂತ ನೋಡಿದರೆ ಸಾಕು. ಹೋಲಿಸುವಾಗ ಹಣ ಜಮೆಯಾದ ದಿನದ ಗೂಗಲ್ ರೇಟು ಹಿಡಿಯಬೇಡಿ, ರೂಪಾಯಿಗೆ ಬದಲಾದ ಕ್ಷಣದ್ದನ್ನು ಹಿಡಿಯಿರಿ. ಶನಿವಾರ ಭಾನುವಾರ ವಿದೇಶಿ ವಿನಿಮಯ ಮಾರುಕಟ್ಟೆ ಮುಚ್ಚಿರುತ್ತೆ, ಶುಕ್ರವಾರ ಸಂಜೆ ಹೊರಟ ಹಣ ಕೈಸೇರುವ ಹೊತ್ತಿಗೆ ರೇಟು ಬೇರೆಯೇ ಆಗಿರಬಹುದು.

ಹೊಸದಾಗಿ ಶುರು ಮಾಡಿದವರಿಗೆ ಇದರಿಂದ ಇನ್ನೊಂದು ಉಪಯೋಗ ಇದೆ. ಕೈಗೆ 85,000 ಬೇಕಿದ್ದರೆ ಮೇಲಿನ ಶುಲ್ಕಗಳಲ್ಲಿ 1,076 ಡಾಲರಿಗೆ ಕೋಟ್ ಮಾಡಬೇಕು. ಕೆಲಸ ಒಪ್ಪಿಕೊಳ್ಳುವ ಮೊದಲೇ ಅದನ್ನು ಸೇರಿಸಿ. ಕೆಲಸ ಮುಗಿದ ಮೇಲೆ ಯಾವ ಕ್ಲೈಂಟೂ ಕೊಡುವುದಿಲ್ಲ.

"ರೇಟು ಏರೋವರೆಗೂ ಡಾಲರಲ್ಲೇ ಇಟ್ಕೊಳ್ಳೋದಲ್ವ" ಅನ್ನುವವರೂ ಇದ್ದಾರೆ. ಆಗುವುದಿಲ್ಲ. ರಿಸರ್ವ್ ಬ್ಯಾಂಕ್ 2010ರ ನವೆಂಬರ್‌ನಲ್ಲಿ ಇಂಥ ವೇದಿಕೆಗಳಿಗೆ ನಿಯಮ ಮಾಡಿದಾಗಲೇ ರಫ್ತಿನ ಹಣ, ಅಂದರೆ ವಿದೇಶದವರಿಗೆ ಮಾಡಿದ ಕೆಲಸದ ಹಣವೂ, ಏಳು ದಿನದೊಳಗೆ ಭಾರತದ ಬ್ಯಾಂಕ್ ಖಾತೆಗೆ ಬರಬೇಕು ಅಂತ ಹೇಳಿತು. ಭಾರತದವರ ವೇದಿಕೆ ಖಾತೆಯಲ್ಲಿರುವ ಬ್ಯಾಲೆನ್ಸ್ ತಾನಾಗಿ ಬ್ಯಾಂಕಿಗೆ ಹೋಗಿ ಖಾಲಿಯಾಗುವ ಪದ್ಧತಿ ಬಂದಿದ್ದು ಆ ನಿಯಮದಿಂದ. 2023ರ ಅಕ್ಟೋಬರ್‌ನಲ್ಲಿ ಗಡಿಯಾಚೆಯ ಪೇಮೆಂಟ್ ಸಂಸ್ಥೆಗಳನ್ನು ರಿಸರ್ವ್ ಬ್ಯಾಂಕ್ ನೇರವಾಗಿ ತನ್ನ ಅಧೀನಕ್ಕೆ ತಗೊಂಡಿತು. ಡಾಲರಾಗಿಯೇ ಇಡಬೇಕೆಂದರೆ ಬ್ಯಾಂಕಿನಲ್ಲಿ ವಿದೇಶಿ ಗಳಿಕೆ ಇಡುವ ಇಇಎಫ್‌ಸಿ ಖಾತೆ ಇದೆ. ಅಲ್ಲಿಯೂ ಒಂದು ತಿಂಗಳಲ್ಲಿ ಬಂದದ್ದನ್ನು ಮುಂದಿನ ತಿಂಗಳ ಕೊನೆಯೊಳಗೆ ರೂಪಾಯಿ ಮಾಡಬೇಕು.

"ಹಾಗಾದ್ರೆ ನೇರ ಬ್ಯಾಂಕಿಗೇ ಕಳಿಸು ಅನ್ನು" ಅಂತ ಸಲಹೆ ಕೊಡುವವರ ಮಾತಿನಲ್ಲಿ ಹುರುಳಿದೆ, ಆದರೆ ಎಲ್ಲ ಮೊತ್ತಕ್ಕೂ ಅಲ್ಲ. ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಿಫ್ಟ್ ಅನ್ನುವ ಅಂತರರಾಷ್ಟ್ರೀಯ ಬ್ಯಾಂಕ್ ಜಾಲದ ಮೂಲಕ ಬಂದರೆ ನಡುವೆ ಹಣ ದಾಟಿಸುವ ಬ್ಯಾಂಕು 20 ಡಾಲರ್ ಹಿಡಿಯಿತು ಅನ್ನಿ, 980 ಬರುತ್ತೆ. ನಮ್ಮ ಬ್ಯಾಂಕು 84 ರೂಪಾಯಿ 30 ಪೈಸೆ ಕೊಟ್ಟರೆ 82,614. ಹಣ ಬದಲಿಸಿದ ಸೇವೆಗೆ ಜಿಎಸ್‌ಟಿ ಇದೆ: ಒಂದು ಲಕ್ಷದವರೆಗೆ ಮೊತ್ತದ ಶೇಕಡಾ 1ರ ಮೇಲೆ ಶೇಕಡಾ 18, ಇಲ್ಲಿ ಸುಮಾರು 149 ರೂಪಾಯಿ. ಬ್ಯಾಂಕಿನ ಸಣ್ಣ ಶುಲ್ಕ ಕಳೆದರೂ ವೇದಿಕೆಗಿಂತ ಮೂರು ಸಾವಿರ ಹೆಚ್ಚು ಸಿಗುತ್ತೆ. ಆದರೆ ಬಿಲ್ 150 ಡಾಲರಾದರೆ ಅದೇ 20 ಡಾಲರ್ ಶೇಕಡಾ 13 ದಾಟುತ್ತೆ. ಸಣ್ಣ ಬಿಲ್ಲಿಗೆ ವೇದಿಕೆ, ದೊಡ್ಡದಕ್ಕೆ ಬ್ಯಾಂಕು. ಜೊತೆಗೆ, ಹೊಸ ಕ್ಲೈಂಟ್ ಕಾರ್ಡಿನಲ್ಲಿ ಕಟ್ಟಿ ಕೈತೊಳೆದುಕೊಳ್ಳಲು ಇಷ್ಟಪಡುತ್ತಾನೆ, ಬ್ಯಾಂಕಿಗೆ ಹೋಗಿ ಫಾರಂ ತುಂಬುವುದಿಲ್ಲ. ಆ ಅನುಕೂಲಕ್ಕೆ ನಾನು ಕೊಡುವ ಬೆಲೆ ಅದು, ಗೊತ್ತಿದ್ದೇ ಕೊಡುತ್ತೇನೆ. ಟೋಪಿ ಅಲ್ಲ ದೊಡ್ಡಪ್ಪ.

ಎಷ್ಟು ಕಡಿಮೆ ಬಂತು ಅಂತ ಇಷ್ಟು ಜನ ಕೇಳಿದ್ದಾರೆ, ಬಂದ ಹಣ ವಿದೇಶದ್ದು ಅಂತ ಹೇಳುವ ಕಾಗದ ಏನಿದೆ ಅಂತ ಒಬ್ಬರೂ ಕೇಳಿಲ್ಲ. ಕೇಳಬೇಕಾದ ಪ್ರಶ್ನೆ ಅದು. ಆರು ಸಾವಿರಕ್ಕಿಂತ ಎಷ್ಟೋ ದೊಡ್ಡ ನಷ್ಟ ಅಲ್ಲಿ ಅಡಗಿದೆ.

ಯಾಕೆ ಅಂತ ಹೇಳುತ್ತೇನೆ. ಅನೇಕ ವೇದಿಕೆಗಳಲ್ಲಿ ಡಾಲರ್ ಬಂದು ನಿಲ್ಲುವುದು ವೇದಿಕೆಯ ಪಾಲುದಾರ ಬ್ಯಾಂಕಿನಲ್ಲಿ. ಅಲ್ಲೇ ರೂಪಾಯಿಯಾಗಿ, ಅಲ್ಲಿಂದ ನಮ್ಮ ಖಾತೆಗೆ ನೆಫ್ಟ್‌ನಲ್ಲಿ ಬರುತ್ತೆ. ನನ್ನ ಪಾಸ್‌ಬುಕ್ಕಿನ ಸಾಲು ನೋಡಿದರೆ ಇಲ್ಲೇ ಮಲ್ಲೇಶ್ವರದಿಂದ ಯಾರೋ ಕಳಿಸಿದ ಹಣಕ್ಕೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ಬ್ಯಾಂಕಿಗೆ ಹೋಗಿ ವಿದೇಶದಿಂದ ಹಣ ಬಂದ ಪತ್ರ ಕೊಡಿ ಅಂದರೆ, "ನಮಗೆ ಡಾಲರೇ ಬಂದಿಲ್ಲವಲ್ಲ ಮೇಡಂ" ಅನ್ನುತ್ತಾರೆ. ಅವರ ಮಾತು ಸರಿ. ಆ ಪತ್ರ, ಎಫ್‌ಐಆರ್‌ಎ ಅನ್ನುವುದು, ಡಾಲರ್ ಇಳಿಸಿಕೊಂಡ ಬ್ಯಾಂಕಿನಿಂದ ಬರಬೇಕು, ವೇದಿಕೆಯ ಮೂಲಕ ಕೇಳಿ ತರಿಸಿಕೊಳ್ಳಬೇಕು. ಬಂದ ಮೇಲೆ ಅದರಲ್ಲಿ ಕಳಿಸಿದವರ ಹೆಸರು, ಡಾಲರ್ ಮೊತ್ತ ಮತ್ತು ಹಣ ಯಾವ ಕೆಲಸಕ್ಕೆ ಬಂತು ಅಂತ ಹೇಳುವ ಉದ್ದೇಶದ ಕೋಡ್ ಇನ್‌ವಾಯ್ಸ್‌ಗೆ ಹೊಂದುತ್ತವೆಯೇ ನೋಡಿ. ಸಾಫ್ಟ್‌ವೇರ್ ಸಲಹೆ ಕೆಲಸಕ್ಕೆ ನಾನು ಹಾಕುವ ಕೋಡ್ P0802. ವೇದಿಕೆಯ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ತಪ್ಪು ಕೋಡ್ ಆರಿಸಿದರೆ ಬರುವ ಪ್ರತಿ ಹಣಕ್ಕೂ ಅದೇ ಅಂಟಿಕೊಳ್ಳುತ್ತೆ.

ಜಿಎಸ್‌ಟಿ ನೋಂದಣಿ ಇರುವವರಿಗೆ ಈ ಪತ್ರ ಬೇಕೇ ಬೇಕು. ಸೇವೆಯ ರಫ್ತು ಅನ್ನಿಸಿಕೊಳ್ಳಲು ಹಣ ವಿದೇಶಿ ವಿನಿಮಯದಲ್ಲಿ ಬಂದಿರಬೇಕು, ಅಥವಾ ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲಿ. ಪ್ರತಿ ಹಣಕಾಸು ವರ್ಷ RFD-11 ಫಾರಂ ತುಂಬಿ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಕೊಟ್ಟರೆ ತೆರಿಗೆ ಕಟ್ಟದೆ ಬಿಲ್ ಮಾಡಬಹುದು. ಇನ್‌ವಾಯ್ಸ್ ಮಾಡಿ ನಿಯಮ ಹೇಳಿದ ಗಡುವಿನೊಳಗೆ ಹಣ ಬರದಿದ್ದರೆ ತೆರಿಗೆಯನ್ನು ಬಡ್ಡಿ ಸಮೇತ ನಾವೇ ಕಟ್ಟಬೇಕು. ಹಣ ಬಂದಿದೆ, ಆದರೆ ವಿದೇಶದ್ದು ಅಂತ ತೋರಿಸುವ ಕಾಗದ ಇಲ್ಲ ಅಂದರೂ ಪೇಚಿಗೆ ಸಿಗುವುದು ನಾವೇ. ಶೇಕಡಾ 18 ಅಂದರೆ ಸಾವಿರ ಡಾಲರಿನ ಮೇಲೆ ಹದಿನೈದು ಸಾವಿರ ರೂಪಾಯಿಯ ಮಾತು. ವರ್ಷಕ್ಕೆ 20 ಲಕ್ಷ ದಾಟದವರಿಗೆ ನೋಂದಣಿಯೇ ಬೇಡ, ಆದರೆ ಆ ಲೆಕ್ಕಕ್ಕೆ ಹಿಡಿಯಬೇಕಾದದ್ದು ಇನ್‌ವಾಯ್ಸ್ ಮೊತ್ತ, ಶುಲ್ಕ ಕಳೆದು ಬ್ಯಾಂಕಿಗೆ ಬಂದದ್ದಲ್ಲ. ನಮ್ಮ ಸಿಎ ಕೂಡ ಆದಾಯದ ಸಾಲಿನಲ್ಲಿ ಸಾವಿರ ಡಾಲರಿನ ಬೆಲೆಯನ್ನೇ ಬರೆಯುತ್ತಾರೆ, ವೇದಿಕೆಯ ಶುಲ್ಕವನ್ನು ಖರ್ಚಿನಲ್ಲಿ ತೋರಿಸುತ್ತಾರೆ.

ಇನ್ನು ಹಣ ಕಳಿಸಿದ್ದೇವೆ ಅಂತ ವೇದಿಕೆ ಹೇಳಿದ ಮೇಲೂ ಖಾತೆಗೆ ಬರದಿದ್ದರೆ, ಸ್ಕ್ರೀನ್‌ಶಾಟ್ ಹಿಡಿದುಕೊಂಡು ಬ್ಯಾಂಕಿಗೆ ಹೋಗಬೇಡಿ. ವೇದಿಕೆಯಿಂದ ಆ ವರ್ಗಾವಣೆಯ ಗುರುತಾದ ಯುಟಿಆರ್ ಸಂಖ್ಯೆ ಕೇಳಿ ತಗೊಳ್ಳಿ. ಆ ಸಂಖ್ಯೆ ಇದ್ದರೆ ಹಣ ನಮ್ಮ ಬ್ಯಾಂಕಿನ ಬಾಗಿಲಿಗೆ ಬಂದಿದೆಯೋ, ಹೆಸರು ಹೊಂದದೆ ವಾಪಸ್ಸಾಯಿತೋ ಅಂತ ಅವರೇ ಹುಡುಕಿ ಹೇಳುತ್ತಾರೆ. ಸಂಖ್ಯೆ ಕೊಡಲು ವೇದಿಕೆಯವರು ತಡವರಿಸಿದರೆ ಹಣ ಇನ್ನೂ ಹೊರಟೇ ಇಲ್ಲದಿರಬಹುದು. ಆಗ ಬ್ಯಾಂಕಿನವರನ್ನು ಬಿಟ್ಟು ವೇದಿಕೆಯವರ ಬೆನ್ನು ಹತ್ತಿ.