ಹೂ ಕರಟಿದ್ದಕ್ಕೆ ಮೋಡವನ್ನು ಬೈದ ವರ್ಷ

ಪುತ್ತೂರು ಕಡೆಯ ಒಂದು ಗೇರು ತೋಟದ ಉಸ್ತುವಾರಿ ನನ್ನದು. ಸೇರಿದ ಮೊದಲ ವರ್ಷ, ಜನವರಿಯಲ್ಲಿ, ಎರಡು ಎಕರೆಯ ಹೂಗೊಂಚಲು ಬೆಂಕಿ ತಾಗಿದ ಹಾಗೆ ಕಪ್ಪಾಗಿ ಒಣಗಿತು. ಹಿಂದಿನ ವಾರವೆಲ್ಲ ಮೋಡ ಕವಿದಿತ್ತು. ‘ಮೋಡಕ್ಕೆ ಹೂ ಕರಟಿತು’ ಅಂತ ಊರಿನವರು ಹೇಳುವುದನ್ನೇ ನಾನೂ ಧನಿಗಳಿಗೆ ಒಪ್ಪಿಸಿ, ಶಿಲೀಂಧ್ರನಾಶಕ ಹೊಡೆಸಿದೆ. ದುಡ್ಡು ಹೋಯಿತು, ಹೂವೂ ಹೋಯಿತು.

ಬೀಜ ಹೆಕ್ಕಲು ಬರುವ ಹಿರಿಯ ಹೆಂಗಸೊಬ್ಬರು, “ಮೋಡ ಅಲ್ಲ ಸರ್, ಸೊಳ್ಳೆ. ಬೆಳಿಗ್ಗೆ ಬೇಗ ಬನ್ನಿ, ತೋರಿಸ್ತೇನೆ” ಎಂದರು. ಮರುದಿನ ಏಳು ಗಂಟೆಗೆ ಇನ್ನೂ ಹಸಿರಾಗಿದ್ದ ಒಂದು ತುದಿ ಬಗ್ಗಿಸಿ ಹಿಡಿದರು. ಎಳೆ ದಂಟಿನ ಮೇಲೆ ನೀರಲ್ಲಿ ನೆಂದಂಥ ಉದ್ದನೆಯ ಕಲೆ, ಅದರ ನಡುವೆ ಸಾಸಿವೆಗಿಂತ ಸಣ್ಣ ಅಂಟಿನ ಹನಿ. ಎಲೆಯ ಅಡಿಗೆ ಜಾರಿಕೊಂಡ ಹುಳದ್ದು ಕೆಂಪು ಬೆನ್ನು, ಕಪ್ಪು ತಲೆ. ಬೆನ್ನ ಮೇಲೆ ಗುಂಡುಸೂಜಿ ಚುಚ್ಚಿಟ್ಟ ಹಾಗೆ ಒಂದು ಮುಳ್ಳು. ಹೆಸರಿಗೆ ಟೀ ಸೊಳ್ಳೆ, ಜಾತಿಯಲ್ಲಿ ತಿಗಣೆಯ ನೆಂಟ. ರಸ ಹೀರುವಾಗ ಅದು ಬಿಡುವ ಎಂಜಲೇ ವಿಷ. ಆ ಗಾಯದೊಳಗೆ ಶಿಲೀಂಧ್ರ ನುಗ್ಗುವುದು ಆಮೇಲೆ. ನಾನು ಔಷಧಿ ಹೊಡೆದದ್ದು ಹಿಂದೆ ಬಂದವನಿಗೆ.

ಕೆಟ್ಟದ್ದು ಜನವರಿಯಲ್ಲೂ ಅಲ್ಲ. ಮಳೆ ನಿಂತು ಅಕ್ಟೋಬರ್-ನವೆಂಬರಿನಲ್ಲಿ ಹೊಸ ಚಿಗುರು ಬಂದಾಗಲೇ ಹೆಣ್ಣು ಹುಳ ಆ ಮೆತ್ತನೆಯ ದಂಟಿನೊಳಗೆ ಮೊಟ್ಟೆ ಹುದುಗಿಸಿರುತ್ತದೆ. ಮೊಟ್ಟೆ ಬೆಳೆದು ರೆಕ್ಕೆಯ ಹುಳವಾಗಲು ಮೂರು-ನಾಲ್ಕು ವಾರ ಸಾಕು. ಹೂ ಬಿಡುವ ಹೊತ್ತಿಗೆ ಸಂಸಾರ ದೊಡ್ಡದಾಗಿರುತ್ತದೆ.

ಈಗ ಚಿಗುರು ಕಂಡ ವಾರದಿಂದಲೇ ಮರದ ನಾಲ್ಕೂ ಬದಿಯ ತುದಿಗಳನ್ನು ನೋಡುತ್ತೇನೆ. ಬದುವಿನ ಪೇರಳೆ, ಬೇವಿನ ಮರಗಳನ್ನೂ ಬಿಡುವುದಿಲ್ಲ, ಅವೂ ಇದರ ಅಡಗುದಾಣ. ಅಂಟಿನ ಹನಿ ಕಂಡರೆ ಲ್ಯಾಂಬ್ಡಾ ಸೈಹಾಲೊಥ್ರಿನ್ 5 ಇಸಿ, ಲೀಟರಿಗೆ 0.6 ಮಿಲಿ, ಅಂದರೆ 200 ಲೀಟರಿನ ಡ್ರಮ್ಮಿಗೆ 120 ಮಿಲಿ. ಹೂಗೊಂಚಲು ಹೊರಡುವಾಗ ಮತ್ತೆ ಬೇಕಾದರೆ ಔಷಧಿ ಬದಲಿಸುತ್ತೇವೆ. ಹೂ ಪೂರ್ತಿ ಅರಳಿ ಜೇನು ಓಡಾಡುವಾಗ ಪಂಪು ಮುಟ್ಟುವುದೇ ಇಲ್ಲ.

ಕಾಯಿ ಕಚ್ಚಿದ ಮೇಲೂ ಒಂದು ತಿಂಗಳು ಕಣ್ಣಿಟ್ಟಿರಬೇಕು. ಗೇರಿನಲ್ಲಿ ಮೊದಲು ಬೆಳೆಯುವುದು ಬೀಜ. ಅದು ಪೂರ್ಣ ಗಾತ್ರಕ್ಕೆ ಬಂದು ಗಟ್ಟಿಯಾಗುತ್ತಾ ಹೋದಂತೆ ಹಣ್ಣು ಉಬ್ಬುತ್ತದೆ. ಬಟಾಣಿ ಗಾತ್ರದಲ್ಲಿ ಸೊಳ್ಳೆ ಚುಚ್ಚಿದರೆ ಬೀಜ ಸುರುಟಿ ಉದುರುತ್ತದೆ. ಸಿಪ್ಪೆ ಗಟ್ಟಿಯಾದ ಮೇಲೆ ಚುಚ್ಚಿದರೆ ಹೆಚ್ಚಾಗಿ ಕಜ್ಜಿಯಂಥ ಕಲೆ ಮಾತ್ರ, ಅದಕ್ಕೆ ಔಷಧಿ ದಂಡ.

ಚಗಳಿ ಇರುವೆ ಗೂಡು ಕಟ್ಟಿದ ಮರಗಳಲ್ಲಿ ಸೊಳ್ಳೆ ಕಡಿಮೆ. ಅವಕ್ಕೆ ಔಷಧಿ ಹೊಡೆಯಬೇಡಿ ಎಂದು ಹೇಳಿಟ್ಟಿದ್ದೇನೆ. ಆ ಮರಗಳ ಅಡಿಯಲ್ಲಿ ಬೀಜ ಹೆಕ್ಕುವ ದಿನ ಬೈಗುಳವೆಲ್ಲ ನನಗೆ.