4.5 ಸೆಂಟಿಮೀಟರ್ ದಪ್ಪದ ಸ್ಟೇಕ್ ಮತ್ತು ಎರಕದ ಬಾಣಲೆ

ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ದುಬೈನ ಒಂದು ಸ್ಟೇಕ್ ಹೋಟೆಲಿಗೆ ಸೇರಿದ ಮೊದಲ ವರ್ಷ, ಮಾಂಸದ ಒಲೆಯ ಮುಂದೆ ನಾನು ನಿಂತ ಮೂರನೆಯ ರಾತ್ರಿಯೇ ಒಂದು ತಟ್ಟೆ ಹಿಂದಕ್ಕೆ ಬಂತು. ಗ್ರಾಹಕರು ಕೇಳಿದ್ದು ಮೀಡಿಯಂ ರೇರ್, ಅಂದರೆ ನಡುಭಾಗ ಬೆಚ್ಚಗೆ, ಗುಲಾಬಿ ಮಿಶ್ರಿತ ಕೆಂಪಾಗಿರಬೇಕಾದ ದನದ ರಿಬ್‌ಐ ಸ್ಟೇಕ್, ಪಕ್ಕೆಲುಬಿನ ಭಾಗದ ದಪ್ಪ ತುಂಡು. ಅವರಿಗೆ ಸಿಕ್ಕಿದ್ದು ಹೊರಗೆ ಇದ್ದಿಲಿನಂತೆ ಕರಿದಾಗಿ ಕಹಿಯಾಗಿದ್ದ, ಒಳಗೆ ಇನ್ನೂ ತಣ್ಣಗಿದ್ದ ತುಂಡು. ನಮ್ಮ ಸೂ-ಶೆಫ್, ಅಂದರೆ ಮುಖ್ಯ ಬಾಣಸಿಗರ ನಂತರದ ಸ್ಥಾನದವರು, ಬಂಟ್ವಾಳದ ಕಡೆಯವರು. ಕತ್ತರಿಸಿದ್ದ ಆ ತುಂಡಿನ ನಡುವೆ ಥರ್ಮಾಮೀಟರಿನ ಮೊನೆ ಇಟ್ಟು ನೋಡಿದರು. 36 ಡಿಗ್ರಿ ಸೆಲ್ಸಿಯಸ್ ತೋರಿಸಿತು. ‘ಬಾಣಲೆ ಎಷ್ಟು ಹೊತ್ತು ಕಾಯಿಸಿದ್ದು ಮಾರಾಯ?’ ಎಂದು ಕೇಳಿದರು. ‘ಫುಲ್ ಬೆಂಕಿಯಲ್ಲಿ ಮೂರು ನಿಮಿಷ ಅಣ್ಣಾ’ ಎಂದೆ. ಅವರು ಬೈಯಲಿಲ್ಲ. ಅದೇ ಅಳತೆಯ ಇನ್ನೊಂದು ಬಾಣಲೆಯನ್ನು ಅಷ್ಟೇ ಹೊತ್ತು ಕಾಯಿಸಿ, ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಗನ್ನನ್ನು ನನ್ನ ಕೈಗೆ ಕೊಟ್ಟರು. ಬಾಣಲೆಯ ನಡುವೆ 290 ಡಿಗ್ರಿ, ಅಂಚಿನ ಬಳಿ 150.

ಎರಕದ ಕಬ್ಬಿಣವು ಶಾಖವನ್ನು ಸಮವಾಗಿ ಹರಡುತ್ತದೆ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ನಿಜ ಹಾಗಿಲ್ಲ. ಅಲ್ಯೂಮಿನಿಯಂಗೆ ಹೋಲಿಸಿದರೆ ಅದರಲ್ಲಿ ಶಾಖ ಹರಿಯುವುದು ಬಹಳ ನಿಧಾನ, ಆದ್ದರಿಂದ ಬರ್ನರಿನ ಜ್ವಾಲೆ ನೇರವಾಗಿ ತಾಗುವ ಜಾಗ ಮೊದಲು ಉರಿಯುವಷ್ಟು ಕಾದು, ಅಂಚು ಹಿಂದುಳಿಯುತ್ತದೆ. ಅದರ ಗುಣ ಬೇರೆಯೇ ಇದೆ: ದಪ್ಪವಾಗಿ, ಭಾರವಾಗಿ ಇರುವುದರಿಂದ ಒಮ್ಮೆ ಪೂರ್ತಿ ಕಾದರೆ ತಣ್ಣನೆಯ ಮಾಂಸ ಬಿದ್ದಾಗಲೂ ಅದರ ಕಾವು ಬೇಗ ಇಳಿಯುವುದಿಲ್ಲ. ಈ ‘ಪೂರ್ತಿ’ ಎಂಬ ಮಾತಿಗೆ ಸಮಯ ಬೇಕು. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಇಟ್ಟು, ಎರಡು ಎರಡೂವರೆ ನಿಮಿಷಕ್ಕೊಮ್ಮೆ ಬಾಣಲೆಯನ್ನು ಕಾಲು ಸುತ್ತು ತಿರುಗಿಸಿದಾಗ ನಡುಭಾಗ 220 ರಿಂದ 230 ಡಿಗ್ರಿಗೆ ಬಂದು, ಅಂಚು ಅದಕ್ಕಿಂತ ಸ್ವಲ್ಪವೇ ಕೆಳಗಿತ್ತು. ಗನ್ ಇಲ್ಲದವರು ಮನೆಯಲ್ಲಿ ದೋಸೆ ಕಾವಲಿಗೆ ಮಾಡುವಂತೆ ನೀರು ಚಿಮುಕಿಸಿ ನೋಡಬಹುದು. ಹನಿ ಚುಂಯ್ ಎಂದು ಅಲ್ಲೇ ಆರಿಹೋದರೆ ಕಾವು ಸಾಲದು. ಪಾದರಸದ ಗುಂಡಿನಂತೆ ಮುದ್ದೆಗಟ್ಟಿ ಓಡಾಡಿದರೆ ಸರಿಸುಮಾರು 200 ಡಿಗ್ರಿ ದಾಟಿದೆ ಎಂದರ್ಥ. ಆದರೆ ಈ ಪರೀಕ್ಷೆಯನ್ನು ಎಣ್ಣೆ ಹಾಕುವ ಮೊದಲು, ನಡುವೆಯೂ ಅಂಚಿನಲ್ಲೂ ಮಾಡಬೇಕು. ಬಾಣಲೆ ಹೆಚ್ಚು ಕಾದಿದ್ದರೂ ಹನಿ ಹಾಗೆಯೇ ಓಡುವುದರಿಂದ ಮೇಲಿನ ಮಿತಿಯನ್ನು ಇದು ಹೇಳುವುದಿಲ್ಲ. ಅದನ್ನು ಎಣ್ಣೆ ಹೇಳುತ್ತದೆ. ರಿಫೈನ್ಡ್ ಎಣ್ಣೆ ಹಾಕಿದೊಡನೆ ಅಲೆಅಲೆಯಾಗಿ ಹೊಳೆದು, ತೆಳ್ಳನೆಯ ಹೊಗೆ ಆಗತಾನೇ ಏಳುವಂತಿರಬೇಕು. ದಟ್ಟ ಹೊಗೆ ಬಂದರೆ ಬಾಣಲೆಯನ್ನು ಇಳಿಸಿಡುವುದೇ ಸರಿ.

ನನ್ನ ಎರಡನೆಯ ತಪ್ಪು ದಪ್ಪದ ಲೆಕ್ಕದ್ದು. ಕಾಲೇಜಿನಲ್ಲಿ ಕಲಿತದ್ದು 2.5 ಸೆಂಟಿಮೀಟರ್ ದಪ್ಪದ ತುಂಡು, ಒಂದೊಂದು ಬದಿಗೆ ನಾಲ್ಕು ನಿಮಿಷ. ಹೋಟೆಲಿನ ತುಂಡು 4.5 ಸೆಂಟಿಮೀಟರ್. ದಪ್ಪ ದುಪ್ಪಟ್ಟಿನ ಹತ್ತಿರ ಇರುವುದರಿಂದ ಸಮಯವೂ ದುಪ್ಪಟ್ಟಾಗಬಹುದೆಂದು ಅಂದಾಜಿಸಿ ಒಂದೊಂದು ಬದಿಯನ್ನು ಏಳು ನಿಮಿಷ ಅಲುಗಿಸದೆ ಬಿಟ್ಟಿದ್ದೆ. ಮಾಂಸದೊಳಗೆ ಶಾಖ ನಡುವಿಗೆ ತಲುಪಲು ಬೇಕಾದ ಸಮಯ ದಪ್ಪದೊಂದಿಗೆ ಸಮವಾಗಿ ಏರುವುದಿಲ್ಲ. ಹೆಚ್ಚುಕಡಿಮೆ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅದರಂತೆ 2.5 ರಿಂದ 4.5ಕ್ಕೆ ಹೋದಾಗ ಸಮಯ ಮೂರು ಪಟ್ಟು ಮೀರುತ್ತದೆ. ಅಷ್ಟು ಹೊತ್ತು 290 ಡಿಗ್ರಿಯ ಕಬ್ಬಿಣದ ಮೇಲೆ ಯಾವ ಹೊರಪದರವೂ ಉಳಿಯುವುದಿಲ್ಲ. ದಪ್ಪ ತುಂಡಿನಲ್ಲಿ ಹೊರಗೆ ಕಂದು ಬಣ್ಣ ತರಿಸುವುದೂ ಒಳಗೆ ಬೇಯಿಸುವುದೂ ಎರಡು ಬೇರೆ ಕೆಲಸಗಳು, ಅವುಗಳಿಗೆ ಬೇಕಾದ ಉರಿಯೂ ಬೇರೆ ಎಂಬುದು ಸೂ-ಶೆಫ್ ನನ್ನೆದುರೇ ಎರಡನೆಯ ತುಂಡನ್ನು ಬೇಯಿಸಿದಾಗ ನನಗೆ ಅರ್ಥವಾಯಿತು.

ಆ ತುಂಡು ಸುಮಾರು 600 ಗ್ರಾಂ ಇತ್ತು. ಹಿಂದಿನ ಸಂಜೆಯೇ ಆರು ಗ್ರಾಂ ಉಪ್ಪು ಸವರಿ, ತಂತಿ ಜಾಲರಿಯ ಮೇಲೆ ಮುಚ್ಚದೆ ಫ್ರಿಜ್ಜಿನಲ್ಲಿಟ್ಟಿದ್ದರಿಂದ ಮೇಲ್ಮೈ ಮುಟ್ಟಿದರೆ ಒಣಗಿದ ತೊಗಲಿನಂತಿತ್ತು. ಈ ಒಣಗುವಿಕೆಯನ್ನು ನಾನು ಉಳಿದೆಲ್ಲಕ್ಕಿಂತ ಮೇಲೆ ಇಡುತ್ತೇನೆ. ಮೇಲ್ಮೈಯಲ್ಲಿ ನೀರಿರುವವರೆಗೆ ಅಲ್ಲಿನ ಉಷ್ಣತೆ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಂದುಗಟ್ಟುವ ಕ್ರಿಯೆ ಚುರುಕಾಗಲು 140 ಡಿಗ್ರಿಯಾದರೂ ದಾಟಬೇಕು. ಮಾಂಸವನ್ನು ಒಂದು ಗಂಟೆ ಹೊರಗಿಟ್ಟು ‘ಕೋಣೆಯ ಉಷ್ಣತೆಗೆ ತರುವ’ ಪದ್ಧತಿಯಿಂದ ಇಷ್ಟು ದಪ್ಪ ತುಂಡಿನ ನಡುಭಾಗ ಕೆಲವೇ ಡಿಗ್ರಿ ಏರುತ್ತದೆ, ಹಾಗಾಗಿ ನಾನದನ್ನು ಕೈಬಿಟ್ಟಿದ್ದೇನೆ.

ಮಾಂಸ ಬಾಣಲೆಗೆ ಬಿದ್ದಾಗ ಎದ್ದ ಸದ್ದು ಒಂದೇ ಸಮನೆ ಜೋರಾಗಿ ಮುಂದುವರಿಯಿತು. ಸದ್ದು ಇಳಿದು ಗುಳುಗುಳು ಎನ್ನತೊಡಗಿದರೆ ರಸ ಕೆಳಗೆ ನಿಂತು ಮಾಂಸ ಬೇಯುತ್ತಿದೆ, ಹುರಿಯುತ್ತಿಲ್ಲ ಎಂದು ತಿಳಿಯಬೇಕು. ಕಾವು ಸಾಲದಾಗ ಅಥವಾ ಒಂದೇ ಬಾಣಲೆಗೆ ಮೂರು ತುಂಡು ತುರುಕಿದಾಗ ಹೀಗಾಗುತ್ತದೆ. ಒಂದೊಂದು ಬದಿಗೆ ಎರಡು ನಿಮಿಷ ಕೊಟ್ಟು, ಇಕ್ಕಳದಲ್ಲಿ ಹಿಡಿದು ಕೊಬ್ಬಿನ ಅಂಚನ್ನು ಒಂದು ನಿಮಿಷ ನಿಲ್ಲಿಸಿ ಕರಗಿಸಿದ ಮೇಲೆ ಅವರು ಉರಿ ತಗ್ಗಿಸಿದರು. ಅಲ್ಲಿಂದ ಮುಂದೆ ನಿಮಿಷಕ್ಕೊಮ್ಮೆ ಮಗುಚುತ್ತ ಹೋದರು. ಮತ್ತೆಮತ್ತೆ ಮಗುಚಬಾರದೆಂದು ನನಗೆ ಕಲಿಸಲಾಗಿತ್ತು. ಆದರೆ ಮಗುಚಿದಂತೆಲ್ಲ ಯಾವ ಬದಿಯೂ ಅತಿಯಾಗಿ ಕಾಯದೆ, ಹೊರಪದರದ ಕೆಳಗೆ ಕಾಣುವ ಬೂದು ಬಣ್ಣದ ಒಣ ಪಟ್ಟಿ ತೆಳುವಾಗಿಯೇ ಉಳಿಯುತ್ತದೆ.

ಎಂಟನೆಯ ನಿಮಿಷಕ್ಕೆ ಒಳಗೆ 31 ಡಿಗ್ರಿ, ಹನ್ನೆರಡಕ್ಕೆ 44. ಆಗ ಎರಡು ಚಮಚ ಬೆಣ್ಣೆ ಹಾಕಿದರು. ಮೊದಲೇ ಹಾಕಿದ್ದರೆ ಅದರ ಹಾಲಿನ ಅಂಶ ಸುಟ್ಟು ಕಹಿಯಾಗುತ್ತಿತ್ತು. 51ಕ್ಕೆ ಬಂದಾಗ ಇಳಿಸಿಬಿಟ್ಟರು. ‘ಐವತ್ತೈದು ಬೇಕಲ್ವಾ ಅಣ್ಣಾ?’ ಎಂದು ಕೇಳಿದೆ. ‘ಅದೇ ಏರ್ತದೆ, ನೋಡ್ತಾ ಇರು’ ಎಂದರು. ಜಾಲರಿಯ ಮೇಲಿಟ್ಟ ತುಂಡು ಏಳು ನಿಮಿಷದಲ್ಲಿ 55 ಮುಟ್ಟಿ ನಿಂತಿತು. ಹೊರಪದರದಲ್ಲಿದ್ದ ಶಾಖ ಒಲೆಯಿಂದ ಇಳಿಸಿದ ಮೇಲೂ ಒಳಗೆ ಹರಿಯುತ್ತಿರುತ್ತದೆ. ತುಂಡು ದಪ್ಪವಿದ್ದಷ್ಟೂ, ಉರಿ ಜೋರಿದ್ದಷ್ಟೂ ಈ ಏರಿಕೆ ಹೆಚ್ಚು. ನಮ್ಮ ಒಲೆಯಲ್ಲಿ ರೇರ್ ಎಂದರೆ ಕೊನೆಗೆ 50 ರ ಆಸುಪಾಸು, ಮೀಡಿಯಂ ರೇರ್ 54 ರಿಂದ 57, ಮೀಡಿಯಂ 60 ರಿಂದ 63, ವೆಲ್ ಡನ್ 70 ದಾಟಿದ್ದು. ಇಳಿಸುವುದು ಇವಕ್ಕಿಂತ ನಾಲ್ಕೈದು ಡಿಗ್ರಿ ಮೊದಲು.

ಈ ಅಂಕಿಗಳೆಲ್ಲ ಥರ್ಮಾಮೀಟರನ್ನು ಎಲ್ಲಿ ಚುಚ್ಚಿದ್ದೇವೆ ಎಂಬುದರ ಮೇಲೆ ನಿಂತಿವೆ. ಮೇಲಿನಿಂದ ಚುಚ್ಚಿದರೆ ಮೊನೆ ಎಷ್ಟು ಆಳಕ್ಕೆ ಹೋಯಿತೆಂದು ಗೊತ್ತಾಗುವುದಿಲ್ಲ. ಪಕ್ಕದಿಂದ ಅಡ್ಡವಾಗಿ, ನಡುವನ್ನು ದಾಟುವಷ್ಟು ಒಳಗೆ ತಳ್ಳಿ, ನಿಧಾನವಾಗಿ ಹಿಂದಕ್ಕೆ ಎಳೆಯುವಾಗ ಕಾಣುವ ಅತಿ ಕಡಿಮೆ ಅಂಕಿಯೇ ನಡುಭಾಗದ್ದು. ಮೊನೆ ಎಲುಬಿಗೆ ತಾಗಿದ್ದರೆ ಆ ಅಂಕಿಯನ್ನು ನಂಬಬಾರದು.

55 ಡಿಗ್ರಿಯಲ್ಲಿ ಬಡಿಸುವುದು ಇಡೀ ತುಂಡಿಗೆ ಮಾತ್ರ ಸಲ್ಲುತ್ತದೆ ಎಂಬುದನ್ನೂ ಹೇಳಬೇಕು. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡುಗಳಿಗೂ 63 ಡಿಗ್ರಿ ಮತ್ತು ಮೂರು ನಿಮಿಷದ ವಿಶ್ರಾಂತಿಯನ್ನೇ ಸೂಚಿಸುತ್ತದೆ. ಗರ್ಭಿಣಿಯರು, ಪುಟ್ಟ ಮಕ್ಕಳು ಮತ್ತು ವಯಸ್ಸಾದವರಿಗೆ ನಾವು ಅದಕ್ಕಿಂತ ಕಡಿಮೆ ಬೇಯಿಸುವುದಿಲ್ಲ. ಮೆತ್ತಗಾಗಲೆಂದು ಸೂಜಿಯಿಂದ ಚುಚ್ಚಿದ ಮಾಂಸದಲ್ಲಿ ಮೇಲ್ಮೈಯ ರೋಗಾಣುಗಳು ಒಳಗೆ ಸೇರಿರಬಹುದಾದ್ದರಿಂದ ಅದನ್ನು ರೇರ್ ಮಾಡುವಂತಿಲ್ಲ. ಕೊಚ್ಚಿದ ಮಾಂಸಕ್ಕೆ 71, ಕೋಳಿಗೆ 74. ಹಂದಿಯ ದಪ್ಪ ಚಾಪ್‌ಗೆ ಈಗ ಇದೇ ಬಾಣಲೆ, ಇದೇ ಕ್ರಮ ಬಳಸುತ್ತೇನೆ; ಅದನ್ನು 59ಕ್ಕೆ ಇಳಿಸಿ, 63 ಮುಟ್ಟಿದ್ದನ್ನು ಅಳೆದು ನೋಡಿದ ಮೇಲೆಯೇ ತಟ್ಟೆಗೆ ಹಾಕುತ್ತೇನೆ.