ಮೂರನೇ ಸಲಕ್ಕೆ ಬಿಟ್ಟುಕೊಂಡ ಇಸ್ಪೀಟು ಕಟ್ಟು

ಕೊನೆಗೂ ಎಲೆಗಳು ಜಾರುತ್ತಿವೆ! ದೊಡ್ಡಪ್ಪನ ಅಟ್ಟದಿಂದ ತಂದಿದ್ದ ಆ ಹಳೇ ಕಾಗದದ ಕಟ್ಟನ್ನು ಇವತ್ತು ಬೆಳಿಗ್ಗೆ ಮೇಜಿನ ಮೇಲೆ ಹರಡಿದೆ, 52 ಎಲೆಯೂ ಬಿಡಿಬಿಡಿಯಾಗಿ ಬಂದವು. ಜೂನ್‌ನಿಂದ ಇದೇ ಕೆಲಸ. ಎರಡು ಸಲ ಸರಿಯಾಯಿತು ಅಂದುಕೊಂಡೆ, ಎರಡು ಸಲವೂ ವಾರದೊಳಗೆ ಮತ್ತೆ ಅಂಟಿಕೊಂಡವು. ಉಡುಪಿಯ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ, ಇನ್ನು ಕಾಗದದ ಪಾಡು ಕೇಳಬೇಕಾ? "ಅದನ್ನು ಬಿಸಾಡಿ ಹೊಸದು ತಗೊ ಮಾರಾಯ" ಅಂತ ದೊಡ್ಡಮ್ಮ ಎಷ್ಟು ಸಲ ಹೇಳಿದರೋ. ಆದರೆ ದೊಡ್ಡಪ್ಪ ಇಪ್ಪತ್ತೆಂಟು ಆಡುತ್ತಿದ್ದದ್ದು ಇದೇ ಎಲೆಗಳಲ್ಲಿ. ಬಿಸಾಡಲು ಮನಸ್ಸಾಗಲಿಲ್ಲ.

ಪ್ಲಾಸ್ಟಿಕ್ ಎಲೆಗಳಾದರೆ ಸೋಪು ನೀರಿನಲ್ಲಿ ತೊಳೆದು ಒರೆಸಿದರೆ ಮುಗಿಯಿತು. ಕಾಗದದ್ದೇ ಕಷ್ಟ. ಎರಡು ಹಾಳೆ ಅಂಟಿಸಿ ಮೇಲೆ ತೆಳುವಾದ ವಾರ್ನಿಶ್ ಹೊಡೆದಿರುತ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮೈಮೇಲೆ ಸಣ್ಣ ಸಣ್ಣ ಗುಳಿಗಳು ಕಾಣುತ್ತವಲ್ಲ, ಅದರಲ್ಲಿ ಗಾಳಿ ನಿಲ್ಲುವುದರಿಂದಲೇ ಎಲೆ ಜಾರುವುದು. ಕೈಯ ಬೆವರು, ಜಿಡ್ಡು, ಧೂಳು ಸೇರಿ ಆ ಗುಳಿ ತುಂಬಿದರೆ ಜಾರುವುದು ನಿಲ್ಲುತ್ತದೆ.

ಮೊದಲ ಸಲ ಮುಖದ ಪೌಡರ್ ಹಾಕಿದ್ದೆ. ಒಂದು ದಿನ ಚೆನ್ನಾಗಿತ್ತು, ಆಮೇಲೆ ಪೌಡರ್ ಜಿಡ್ಡಿನ ಜೊತೆ ಸೇರಿ ಹಿಟ್ಟಾಯಿತು. ಎರಡನೇ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ವಾರ್ನಿಶ್ ಇರುವುದು ಮೇಲೆ ಕೆಳಗೆ ಮಾತ್ರ, ಅಂಚಿನಲ್ಲಿ ಬರೀ ಕಾಗದ. ನೀರು ಅಲ್ಲಿಂದ ಒಳಗೆ ಹೋಗಿ ಕಳಾವರ್ ಏಳರ ಮೂಲೆ ಎರಡಾಗಿ ಬಿಚ್ಚಿಕೊಂಡಿತು. ಆ ಎಲೆ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಸಲ ಮೊದಲು ಜೋಕರ್ ಮೇಲೆ ಪರೀಕ್ಷೆ ಮಾಡಿದೆ. ಬಿಳಿ ಪ್ಲಾಸ್ಟಿಕ್ ರಬ್ಬರಿನಿಂದ ನಡುವಿನಿಂದ ಅಂಚಿನ ಕಡೆಗೆ, ಒಂದೇ ದಿಕ್ಕಿನಲ್ಲಿ, ಹಗುರವಾಗಿ ಉಜ್ಜಬೇಕು. ಬೂದು ಬಣ್ಣದ ಎಳೆ ಸುರುಳಿಯಾಗಿ ಬಂದರೆ ಅದು ಕೊಳೆ. ಕೆಂಪೋ ನೀಲಿಯೋ ಬಂದರೆ ಶಾಯಿ ಏಳುತ್ತಿದೆ, ಅಲ್ಲೇ ನಿಲ್ಲಿಸಬೇಕು. ಉಳಿದ ಜಿಡ್ಡಿಗೆ ಮೈಕ್ರೋಫೈಬರ್ ಬಟ್ಟೆ. ಅಂಗೈಗೆ ಒತ್ತಿದರೆ ಪಸೆ ಉಳಿಯದಷ್ಟು ಹಿಂಡಿ, ಅಂಚು ಬಿಟ್ಟು ಒರೆಸಿ, ತಕ್ಷಣ ಒಣ ಬಟ್ಟೆ ಎಳೆದೆ. ಫ್ಯಾನ್ ಕೆಳಗೆ ಒಂದು ಗಂಟೆ, ರಾತ್ರಿಯಿಡೀ ದಪ್ಪ ಪುಸ್ತಕಗಳ ಕೆಳಗೆ. ಕೊನೆಗೆ ಜಾದೂಗಾರರು ಬಳಸುವ ಜಿಂಕ್ ಸ್ಟಿಯರೇಟ್ ಪುಡಿ, ಬರೀ ಒಂದು ಚಿಟಿಕೆ. ಡಬ್ಬಿಯಲ್ಲಿ ಎಲೆಗಳ ಜೊತೆ ಕುಲುಕಿ, ಹೆಚ್ಚಾದದ್ದನ್ನು ಒರೆಸಿ ತೆಗೆದೆ. ತುಂಬಾ ನಯವಾದ ಪುಡಿ, ಮೂಗಿಗೆ ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ಆದರೆ ನನ್ನನ್ನು ನಿಜಕ್ಕೂ ಕಾಡಿದ್ದು ಕೊಳೆ ಅಲ್ಲ, ಡಬ್ಬಿ. ರಬ್ಬರ್ ವಾಷರ್ ಇರುವ ಊಟದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಟ್ಟಿದ್ದೆ, ತೇವಾಂಶದ ಮೀಟರ್ 55 ತೋರಿಸುತ್ತಿತ್ತು. ಹಾಗಿದ್ದರೆ ಮತ್ತೆ ಯಾಕೆ ಅಂಟುತ್ತಿವೆ? ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಮೀಟರ್ ಮೇಲೇ ಅನುಮಾನ ಬಂತು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹಾಗೆ ಆಗುವಷ್ಟೇ ಹನಿ ನೀರು ಹಾಕಿದೆ. ಅದನ್ನು ಮೀಟರ್ ಜೊತೆ ಜಿಪ್ ಚೀಲದಲ್ಲಿ ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಒದ್ದೆ ಉಪ್ಪು ಚೀಲದೊಳಗಿನ ತೇವಾಂಶವನ್ನು ಶೇಕಡಾ 75ಕ್ಕೆ ತಂದು ನಿಲ್ಲಿಸುತ್ತದೆ. ನನ್ನ ಮೀಟರ್ ತೋರಿಸಿದ್ದು 66! ಅಂದರೆ ನಾನು 55 ಅಂದುಕೊಂಡಿದ್ದಾಗ ಡಬ್ಬಿಯೊಳಗೆ ಹೆಚ್ಚುಕಡಿಮೆ 64 ಇತ್ತು. ಮಾರಿದವನಿಗೆ ಬರೆದರೆ "ಸ್ವಲ್ಪ ವ್ಯತ್ಯಾಸ ಸಹಜ ಸಾರ್" ಅಂತ ಉತ್ತರ. ಒಂಬತ್ತು ಅಂಕ ಸ್ವಲ್ಪವಾ? ಅದೇ ಅಂಗಡಿಯ ಜೆಲ್ ಕೂಡ ಬರುವಾಗಲೇ ಅರ್ಧ ಹಸಿರಾಗಿತ್ತು. ಕಿತ್ತಳೆ ಇದ್ದರೆ ಒಣಗಿದ್ದು, ಹಸಿರಾದರೆ ನೀರು ಕುಡಿದು ಮುಗಿದದ್ದು ಅಂತ ನಿಮಗೆ ಗೊತ್ತೇ ಇದೆ.

ಸಿಟ್ಟಿನಲ್ಲಿ ಒಲೆಯಲ್ಲಿ ಒಣಗಿಸಿದ 50 ಗ್ರಾಂ ಜೆಲ್ ಒಟ್ಟಿಗೆ ಸುರಿದೆ, ಅದು ಇನ್ನೊಂದು ತಪ್ಪು. ಮೀಟರ್ 20ಕ್ಕೆ ಇಳಿಯಿತು. ಎಲೆಗಳು ಅತಿಯಾಗಿ ಒಣಗಿ ದೋಣಿಯ ಹಾಗೆ ಬಾಗಿದವು. ಎರಡೂ ಬದಿ ಒಂದೇ ಸಮ ಒಣಗದಿದ್ದರೆ ಹಾಗೇ ಆಗುವುದು. ಈಗ 10 ಗ್ರಾಂ ಮಾತ್ರ, ಬಟ್ಟೆ ಚೀಲದಲ್ಲಿ, ಎಲೆಗೆ ತಾಗದ ಹಾಗೆ. ಮೀಟರ್ 42 ತೋರಿಸಿದರೆ ನಿಜದಲ್ಲಿ 50ರ ಆಸುಪಾಸು. ಅಲ್ಲಿಗೆ ಬಂದ ತಕ್ಷಣ ಚೀಲ ಹೊರಗೆ ತೆಗೆಯುತ್ತೇನೆ, ಏರಿದರೆ ಮತ್ತೆ ಒಳಗೆ. ಬಾಗಿದ ಎಲೆಗಳು ಭಾರದ ಕೆಳಗೆ ನಾಲ್ಕು ದಿನ ಇದ್ದು ನೆಟ್ಟಗಾದವು.

ಮುಂದಿನದು ಮೈಸೂರು ಗಂಜೀಫಾಕ್ಕೆ ಮರದ ಪೆಟ್ಟಿಗೆ. ದಶಾವತಾರ ಗಂಜೀಫಾ ಅಂದರೆ 120 ಎಲೆ, ಎಲ್ಲ ಕೈಯಲ್ಲಿ ಬಣ್ಣ ತುಂಬಿದ್ದು. ಅದರ ಮೇಲೆ ರಬ್ಬರೂ ಬೇಡ, ಒದ್ದೆ ಬಟ್ಟೆಯೂ ಬೇಡ, ಮೆತ್ತನೆ ಒಣ ಬ್ರಷ್ ಅಷ್ಟೇ. ಹಾಗಾಗಿ ಪೆಟ್ಟಿಗೆಯೇ ಸರಿಯಾಗಿರಬೇಕು. ತಳದಲ್ಲಿ ಜೆಲ್‌ಗೆ ಬೇರೆ ಖಾನೆ, ನಡುವೆ ತೂತಿನ ಹಲಗೆ ಅಂತ ಚಿತ್ರ ಬರೆದಿದ್ದೇನೆ. ಹಲಸಿನ ಹಲಗೆ ಸಿಕ್ಕಿದೆ, ಆದರೆ ಇನ್ನೂ ಹಸಿ, ಒಣಗಬೇಕು.

ಕಳಾವರ್ ಏಳಕ್ಕೆ ಮೈದಾ ಅಂಟು ಸವರಿ ಕ್ಲಿಪ್ ಹಾಕಿಟ್ಟಿದ್ದೇನೆ. ನಾಳೆ ಬಿಚ್ಚುತ್ತೇನೆ.